ದಸರಾ ದರ, ಎರಡು ರಾತ್ರಿಯ ಷರತ್ತು ಮತ್ತು ನಮ್ಮ ಹಳೆಯ ಅತಿಥಿಗಳು

ಮೈಸೂರಿನಲ್ಲಿ ನಮ್ಮದು ನಾಲ್ಕು ಕೋಣೆಯ ಹೋಂಸ್ಟೇ. ದಸರಾಗೆ ಹೊಸದಾಗಿ ಬರುವವರಿಗೆ ದರ ಹೇಳುವುದು ಕಷ್ಟವೇನಲ್ಲ. ಒಪ್ಪಿಗೆಯಾದರೆ ಬರುತ್ತಾರೆ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತಾರೆ. ವರ್ಷವರ್ಷವೂ ಬರುವವರ ಮಾತೇ ಬೇರೆ. ಅವರ ತಲೆಯಲ್ಲಿ ಹೋದ ವರ್ಷ ಕೊಟ್ಟ ದುಡ್ಡು ಇರುತ್ತದೆ, ಜೊತೆಗೆ "ನಾವು ಮನೆಯವರ ಹಾಗೆ" ಎಂಬ ಸಲಿಗೆಯೂ ಇರುತ್ತದೆ. ಆ ಸಲಿಗೆ ನಮಗೂ ಬೇಕು, ಅದನ್ನು ಕಳೆದುಕೊಳ್ಳದೆ ದರ ಹೇಳಬೇಕು.

ದಸರಾ ಇಂಗ್ಲಿಷ್ ತಾರೀಖಿಗೆ ಬರುವ ಹಬ್ಬವಲ್ಲ. 2024ರಲ್ಲಿ ಆಯುಧಪೂಜೆ ಶುಕ್ರವಾರ, ಜಂಬೂಸವಾರಿ ಶನಿವಾರ ಬಂತು. ಹಿಂದೆಯೇ ಭಾನುವಾರ ಇದ್ದುದರಿಂದ ಎಲ್ಲರೂ ತಾವಾಗಿಯೇ ಎರಡು ರಾತ್ರಿ ಕೇಳಿದರು, ಆ ದಿನಗಳಲ್ಲಿ ಕನಿಷ್ಠ ಎರಡು ರಾತ್ರಿ ಉಳಿಯಬೇಕು ಎಂಬ ನಮ್ಮ ಷರತ್ತು ಇದೆ ಎಂಬುದೇ ಯಾರಿಗೂ ಗೊತ್ತಾಗಲಿಲ್ಲ. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ರ ಬುಧವಾರ, ವಿಜಯದಶಮಿ ಗುರುವಾರ. ಶುಕ್ರವಾರ ಕೆಲಸಕ್ಕೆ ಹೋಗಬೇಕಾದವರು "ಬುಧವಾರ ಒಂದು ರಾತ್ರಿ ಸಾಕು" ಅನ್ನತೊಡಗಿದರು. ಷರತ್ತು ಹಳೆಯದೇ ಆದರೂ ಅವರಿಗೆ ಅದು ಆ ವರ್ಷ ಹೊಸದಾಗಿ ಹೇರಿದಂತೆ ಕಂಡಿತು. ಅದಕ್ಕೇ ನಾನು ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ವಿಜಯದಶಮಿ ಯಾವ ವಾರ ಎಂದು ನೋಡಿಕೊಳ್ಳುತ್ತೇನೆ. ಯಾರಿಂದ ಯಾವ ತಕರಾರು ಬರಬಹುದು ಎಂಬುದು ಆಗಲೇ ಅಂದಾಜಾಗುತ್ತದೆ.

ಬುಕಿಂಗ್ ಸೈಟಿನಲ್ಲಿ ದಸರಾ ದರ ಏರಿಸುವ ಮೊದಲೇ ಹಳಬರಿಗೆ ವಾಟ್ಸಾಪ್ ಸಂದೇಶ ಹೋಗಬೇಕು. ಅವರು ಸೈಟಿನಲ್ಲಿ ನೋಡಿ "ಇದೇನು ಮೇಡಂ?" ಎಂದು ಫೋನ್ ಮಾಡುವಂತಾದರೆ ನಾವು ಏನು ಹೇಳಿದರೂ ಸಮಜಾಯಿಷಿಯಂತೆ ಕೇಳುತ್ತದೆ. 2025ರಲ್ಲಿ ನಾನು ಕಳಿಸಿದ್ದು ಇಷ್ಟು:

"ನಮಸ್ಕಾರ. ಈ ಸಲ ಆಯುಧಪೂಜೆ ಅಕ್ಟೋಬರ್ 1 ಬುಧವಾರ, ಜಂಬೂಸವಾರಿ 2 ಗುರುವಾರ. ನೀವು ಉಳಿದಿದ್ದ ಮಹಡಿ ಕೋಣೆಗೆ ಮಾಮೂಲಿ ದರ ರಾತ್ರಿಗೆ 2,400 ರೂಪಾಯಿ. ನವರಾತ್ರಿಯ ಮೊದಲ ದಿನಗಳಲ್ಲೂ ಅದೇ. ದುರ್ಗಾಷ್ಟಮಿಯ ರಾತ್ರಿ 3,200. ಬುಧವಾರ, ಗುರುವಾರ ರಾತ್ರಿಗೆ 4,000. ಹೋದ ವರ್ಷ ಇದು 3,800 ಇತ್ತು. ಬುಧವಾರ ಮತ್ತು ಗುರುವಾರ ಎರಡು ರಾತ್ರಿ ಒಟ್ಟಿಗೇ ಕೊಡುತ್ತಿದ್ದೇವೆ. ವರಮಹಾಲಕ್ಷ್ಮಿ ಹಬ್ಬದವರೆಗೆ ಕೋಣೆ ನಿಮ್ಮ ಹೆಸರಿನಲ್ಲಿರುತ್ತದೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ."

ಹೋದ ವರ್ಷದ ದರವನ್ನು ನಾನೇ ಬರೆದುಬಿಡುತ್ತೇನೆ. ಹೇಗೂ ಅವರು ಹಳೆಯ ಚಾಟ್ ತೆಗೆದು ನೋಡುತ್ತಾರೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಾಮೂಲಿ ದರವಿರುವ ದಿನಗಳನ್ನು ಹೇಳುವುದೂ ಅಷ್ಟೇ ಮುಖ್ಯ. ಅರಮನೆಯ ದೀಪಾಲಂಕಾರ, ವಸ್ತುಪ್ರದರ್ಶನ, ಫಲಪುಷ್ಪ ಪ್ರದರ್ಶನ ಇವಿಷ್ಟೇ ನೋಡಬೇಕೆನ್ನುವ ವಯಸ್ಸಾದ ದಂಪತಿಗಳಿಗೆ ಕೊನೆಯ ಎರಡು ದಿನದ ನೂಕುನುಗ್ಗಲು ಬೇಕಿರುವುದಿಲ್ಲ. ಸಂದೇಶ ನೋಡಿ ಅವರೇ ಮೊದಲ ವಾರಕ್ಕೆ ಹಾಕಿಸಿಕೊಳ್ಳುತ್ತಾರೆ.

ದರದ ಬಗ್ಗೆ ಯಾರೂ ಹೆಚ್ಚು ಹೊತ್ತು ಜಗಳಾಡುವುದಿಲ್ಲ. ಹೂವು, ತರಕಾರಿ, ಆಳಿನ ಕೂಲಿ ಎಲ್ಲ ಏರಿದೆ ಎಂದು ಪಟ್ಟಿ ಓದುವುದನ್ನು ನಾನು ಇಷ್ಟಪಡುವುದಿಲ್ಲ. ಖರ್ಚು ಏರುವುದು ನಿಜವೇ, ಆದರೆ ದರದಷ್ಟು ಏರುವುದಿಲ್ಲ, ಕೇಳುವವರಿಗೂ ಅದು ಗೊತ್ತು. "ಆ ಎರಡು ರಾತ್ರಿ ಕೇಳುವವರು ತುಂಬಾ ಜನ, ನಮ್ಮ ಮನೆ ನಡೆಯುವುದರಲ್ಲಿ ಆ ದುಡ್ಡಿನ ಪಾಲು ದೊಡ್ಡದು" ಎಂದು ಇದ್ದದ್ದನ್ನೇ ಹೇಳಿಬಿಡುತ್ತೇನೆ.

ಸಿಟ್ಟು ಬರುವುದು ಎರಡು ರಾತ್ರಿಯ ಷರತ್ತಿನ ಮೇಲೆ. ನಮ್ಮಲ್ಲಿಗೆ ಮೊದಲಿನಿಂದ ಬರುವ ಹುಬ್ಬಳ್ಳಿಯ ಒಬ್ಬರು ಸಂದೇಶ ನೋಡಿದವರೇ ಫೋನ್ ಮಾಡಿದರು. "ಅಲ್ರೀ ಮೇಡಂ, ಗುರುವಾರ ಸಂಜೀಕ ಸವಾರಿ ನೋಡಿ ರಾತ್ರಿ ಟ್ರೇನ್ ಹಿಡಿಯೋರು ನಾವು. ಮಲಗದ ರಾತ್ರಿಗೂ ರೊಕ್ಕ ಕೊಡಬೇಕೇನ್ರೀ?" ಕೇಳಿದ್ದು ನ್ಯಾಯವಾಗಿಯೇ ಇತ್ತು. "ಎಲ್ಲ ಕಡೆ ಹೀಗೇ ಸರ್" ಅನ್ನುವ ಉತ್ತರ ಅದಕ್ಕೆ ಸಾಲದು. ಅವರಿಗೆ ಆ ದಿನ ನಮ್ಮ ಮನೆಯಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಿದೆ.

ಮೆರವಣಿಗೆ ಅರಮನೆಯಿಂದ ಹೊರಟು ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಹೋಗುತ್ತದೆ. ಆ ದಿನ ಸುತ್ತಲ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಬುಧವಾರ ಉಳಿದವರು ಗುರುವಾರ ಹನ್ನೊಂದಕ್ಕೆ ಕೋಣೆ ಬಿಟ್ಟರೆ ಸಾಮಾನು ಹೊತ್ತು ಎಲ್ಲಿಗೂ ಹೋಗುವಂತಿಲ್ಲ. ಮಧ್ಯಾಹ್ನ ಬರಬೇಕಾದ ಹೊಸಬರ ಕಾರು ನಮ್ಮ ಬೀದಿ ಮುಟ್ಟುವುದೂ ಕಷ್ಟ. ಇದರ ಮೇಲೆ ಆಯುಧಪೂಜೆಗೆ ನಮ್ಮ ದೋಬಿ ಇಸ್ತ್ರಿಪೆಟ್ಟಿಗೆಗೆ ಪೂಜೆ ಮಾಡಿ ಮೂಲೆಗಿಟ್ಟರೆ ಶುಕ್ರವಾರದವರೆಗೆ ಮುಟ್ಟುವುದಿಲ್ಲ. ಕೆಲಸದಾಕೆಯೂ ಮಕ್ಕಳನ್ನು ಕರೆದುಕೊಂಡು ಸವಾರಿ ನೋಡಲು ಹೋಗುತ್ತಾಳೆ, ಹೋಗಲೇಬೇಕು. ಹಾಗಾಗಿ ಬುಧವಾರ ಒಂದೇ ರಾತ್ರಿಗೆ ಕೊಟ್ಟ ಕೋಣೆ ಗುರುವಾರ ಹೆಚ್ಚುಕಡಿಮೆ ಖಾಲಿ ಬೀಳುತ್ತದೆ. 4,000 ಬಂದು 4,000 ಹೋದ ಹಾಗೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಏನ್ ಮಾಡೂಣು?" ಅಂದರು. ಜಗಳ ಅಲ್ಲಿಂದ ಲೆಕ್ಕಾಚಾರಕ್ಕೆ ತಿರುಗಿತು. ಬುಧ, ಗುರು ಎರಡೂ ಹಿಡಿದು, ಗುರುವಾರ ಟ್ರೇನಿಗೆ ಹೊರಡುವವರೆಗೆ ಕೋಣೆ ಇಟ್ಟುಕೊಂಡರೆ 8,000. ಇಲ್ಲವೇ ಮಂಗಳವಾರವೇ ಬಂದರೆ 3,200 ಮತ್ತು 4,000 ಸೇರಿ 7,200. ಆದರೆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ಕೋಣೆ ಬಿಡಬೇಕು. ಸಾಮಾನು ನಮ್ಮ ಹಾಲ್‌ನಲ್ಲಿಟ್ಟು, ಸಂಜೆ ಬಂದು ಹೊರಗಿನ ಬಚ್ಚಲಲ್ಲಿ ಮುಖ ತೊಳೆದು ಹೊರಡಬಹುದು. ಸವಾರಿ ಹೋಗುವ ದಾರಿಯಲ್ಲಿ ಜಾಗ ಹಿಡಿಯಲು ಹೇಗೂ ಬೆಳಿಗ್ಗೆಯೇ ಹೋಗಿ ಕೂರಬೇಕು. ಮಕ್ಕಳಿಗೆ ದಸರಾ ರಜೆ ಇತ್ತು. ಹೆಂಡತಿ ಮಕ್ಕಳನ್ನು ಮಂಗಳವಾರ ಕಳಿಸಿ, ತಾವು ಬುಧವಾರ ಬಂದು ಸೇರಿಕೊಂಡರು.

ಈ ಎರಡನೆಯ ದಾರಿಯನ್ನು ನಾನು ಒಂದು ಕೋಣೆಗೆ ಮಾತ್ರ ಕೊಡಬಲ್ಲೆ. ಗುರುವಾರ ಬೆಳಿಗ್ಗೆ ನಾನೂ ನನ್ನ ಗಂಡನೂ ಸೇರಿ ಒಂದು ಕೋಣೆ ಚೊಕ್ಕಟ ಮಾಡಬಹುದು, ಅದಕ್ಕಾಗಿಯೇ ಒಂದು ಜೊತೆ ಹಾಸಿಗೆಬಟ್ಟೆ ಎತ್ತಿಟ್ಟಿರುತ್ತೇವೆ. ನಾಲ್ಕೂ ಕೋಣೆ ಆಗದ ಮಾತು. ಆ ಕೋಣೆಗೆ ಗುರುವಾರದಿಂದ ಭಾನುವಾರದವರೆಗೆ ಉಳಿಯುವ ಬೆಂಗಳೂರಿನವರು ಸಿಕ್ಕಿದರು. ಶುಕ್ರವಾರ ಒಂದು ದಿನ ರಜೆ ಹಾಕಿದರೆ ಅವರಿಗೆ ನಾಲ್ಕು ದಿನ. ಹತ್ತರೊಳಗೆ ಬಂದುಬಿಡಿ, ಊರೊಳಗೆ ನುಗ್ಗದೆ ರಿಂಗ್ ರಸ್ತೆಯಲ್ಲಿ ಸುತ್ತಿ ಬನ್ನಿ ಎಂದು ಮೊದಲೇ ಹೇಳಿದ್ದೆ.

ಹಳಬರಿಗೆ ದರದಲ್ಲಿ ಗುಟ್ಟಾಗಿ ಇಳಿಸಿ ಕೊಡುವುದನ್ನು ನಾನು ಮಾಡುವುದಿಲ್ಲ. ತಿಂಡಿಗೆ ಎಲ್ಲರೂ ಒಂದೇ ಮೇಜಿನಲ್ಲಿ ಕೂರುವ ಮನೆ ಇದು. "ನಿಮಗೆಷ್ಟು ಹೇಳಿದರು?" ಎಂಬ ಮಾತು ಇಡ್ಲಿ ಮುಗಿಯುವುದರೊಳಗೆ ಬಂದೇ ಬರುತ್ತದೆ. ಅವರಿಗೆ ಸಿಗುವುದು ಮೊದಲ ಆಯ್ಕೆ, ತಮ್ಮ ಹಳೆಯ ಕೋಣೆ, ಬೇಗ ಬಂದರೆ ಕಾಫಿ, ತಡವಾಗಿ ಹೊರಟರೆ ಸಾಮಾನಿಗೆ ಜಾಗ.

ಸೈಟಿನಲ್ಲಿ ಷರತ್ತು ಹಾಕುವಾಗ ಒಂದು ಎಚ್ಚರ ಬೇಕು. ಕನಿಷ್ಠ ರಾತ್ರಿಗಳನ್ನು ಎರಡು ಬಗೆಯಲ್ಲಿ ಹಾಕಬಹುದು. ಒಂದು, ಆ ದಿನ ಬಂದಿಳಿಯುವವರಿಗೆ ಮಾತ್ರ. ಇನ್ನೊಂದು, ಆ ರಾತ್ರಿ ಒಳಗೊಂಡ ಯಾವ ಬುಕಿಂಗಿಗಾದರೂ. ಬುಧವಾರ ಇಳಿಯುವವರಿಗೆ ಮಾತ್ರ ಎರಡು ರಾತ್ರಿ ಎಂದು ಹಾಕಿದರೆ, ಮಂಗಳವಾರ ಬಂದು ಗುರುವಾರ ಬೆಳಿಗ್ಗೆ ಬಿಡುವ ಬುಕಿಂಗ್ ಸಲೀಸಾಗಿ ಒಳಗೆ ಬರುತ್ತದೆ. ಎರಡನೆಯ ಬಗೆಯಲ್ಲಿ ಎರಡು ರಾತ್ರಿ ಎಂದರೂ ಮಂಗಳ–ಬುಧ ತಡೆಯುವುದಿಲ್ಲ. ಅದನ್ನು ತಡೆಯಲು ಗುರುವಾರ ಹೊರಡುವಂತಿಲ್ಲ ಎಂಬ ಷರತ್ತನ್ನು ಬೇರೆಯಾಗಿ ಹಾಕಬೇಕು. ನಾನು ಸೈಟಿನಲ್ಲಿ ಅದನ್ನು ಹಾಕಿ, ಆ ಒಂದು ಕೋಣೆಯ ಸಡಿಲಿಕೆಯನ್ನು ಫೋನಿನಲ್ಲಿ ಕೇಳಿದವರಿಗೆ ಉಳಿಸಿಕೊಳ್ಳುತ್ತೇನೆ. ಹಬ್ಬಕ್ಕೆ ಒಂದು ವಾರ ಇರುವಾಗ ಬಿಡಿ ರಾತ್ರಿ ಯಾವುದಾದರೂ ಉಳಿದಿದ್ದರೆ ಷರತ್ತು ತೆಗೆದುಬಿಡುತ್ತೇನೆ. ಅದಕ್ಕೆ ಮೊದಲು, ಒಂದೇ ರಾತ್ರಿ ಕೇಳಿ ಆಗದೆ ಹಿಂದೆ ಸರಿದಿದ್ದ ಹಳಬರಿಗೆ ಒಂದು ಫೋನ್.