133 ಅಲ್ಲ, 133 ಮತ್ತು ಮೂರನೇ ಒಂದು

ಪುಣೆಯಲ್ಲಿ ನಮ್ಮ ಅಕ್ಕನ ಮನೆ ಸ್ವಾರ್‌ಗೇಟ್ ಹತ್ತಿರ. ಅವಳ ಮಗ ಹತ್ತನೇ ತರಗತಿ. ಬೆಳಿಗ್ಗೆ ಸಣಸ್ ಮೈದಾನದಲ್ಲಿ ಓಡುತ್ತಾನೆ, ರಾತ್ರಿ ನನ್ನ ಹತ್ತಿರ ಲೆಕ್ಕ ಮಾಡುತ್ತಾನೆ. ಒಂದು ರಾತ್ರಿ ಅವನು ತಂದ ಲೆಕ್ಕ ಹೀಗಿತ್ತು. 400 ಮೀಟರ್ ಸುತ್ತಿನ ಟ್ರ್ಯಾಕ್. ಒಬ್ಬ ಸೆಕೆಂಡಿಗೆ 5 ಮೀಟರ್, ಇನ್ನೊಬ್ಬ 3 ಮೀಟರ್ ಓಡುತ್ತಾನೆ. ಇಬ್ಬರೂ ಒಟ್ಟಿಗೆ ಹೊರಟರೆ ಹೊರಟ ಗೆರೆಯಲ್ಲೇ ಮತ್ತೆ ಯಾವಾಗ ಸೇರುತ್ತಾರೆ?

ಅವನಿಗೆ ದಾರಿ ಗೊತ್ತಿತ್ತು. ಒಂದು ಸುತ್ತಿಗೆ ಒಬ್ಬನಿಗೆ 18 ನಿಮಿಷ, ಇನ್ನೊಬ್ಬನಿಗೆ 12 ನಿಮಿಷ ಬೇಕಾದರೆ ಲ.ಸಾ.ಅ. 36. ಅಂಥ ಲೆಕ್ಕಗಳನ್ನು ಬಹಳ ಮಾಡಿದ್ದ. ಹಾಗಾಗಿ ಇಲ್ಲೂ ಮೊದಲು ಸುತ್ತಿನ ಸಮಯ ತೆಗೆದ. 400 ಭಾಗಿಸು 5 ಅಂದರೆ 80 ಸೆಕೆಂಡು. 400 ಭಾಗಿಸು 3 ಅಂದರೆ 133.33, ಅದನ್ನು 133 ಅಂತ ಬರೆದುಕೊಂಡ. 80 ಮತ್ತು 133ರ ಲ.ಸಾ.ಅ. 10,640. ಹತ್ತಿರ ಹತ್ತಿರ ಮೂರು ಗಂಟೆ!

"ಮಾಮಾ, ಇಷ್ಟೊತ್ತು ಯಾರು ಓಡ್ತಾರೆ?" ಅಂದ. ಆ ಅನುಮಾನ ಅವನಿಗೇ ಬಂದಿದ್ದು ನನಗೆ ತುಂಬಾ ಖುಷಿಯಾಯಿತು.

ತಪ್ಪು ಎಲ್ಲಿದೆ ಅಂತ ತೋರಿಸಲು ನಾನು ಸುತ್ತುಗಳನ್ನೇ ಎಣಿಸಿದೆ. ವೇಗದವನು 5 ಸುತ್ತು ಮುಗಿಸುವಾಗ 5 × 80 = 400 ಸೆಕೆಂಡು. ನಿಧಾನದವನು 3 ಸುತ್ತು ಮುಗಿಸುವಾಗ, 133 ಅಂತ ಹಿಡಿದರೆ, 399 ಸೆಕೆಂಡು. ಒಂದೇ ಒಂದು ಸೆಕೆಂಡು ಕಡಿಮೆ. ನಮ್ಮ ಕಣ್ಣಿಗೆ ಅದು ಸೇರಿದಂತೆಯೇ. ಆದರೆ ಲ.ಸಾ.ಅ.ಗೆ "ಹತ್ತಿರ ಬಂತು" ಅನ್ನೋದು ಲೆಕ್ಕಕ್ಕಿಲ್ಲ, ಸರಿಯಾಗಿ ಕೂಡಬೇಕು. 80 ಮತ್ತು 133ಕ್ಕೆ ಸಾಮಾನ್ಯ ಅಪವರ್ತನ 1 ಬಿಟ್ಟರೆ ಬೇರೆ ಇಲ್ಲ. ಹಾಗಾಗಿ ಅದು ಎರಡರ ಗುಣಲಬ್ಧದ ತನಕ ಹೋಗಿಬಿಟ್ಟಿತು. ಬಿಟ್ಟಿದ್ದು ಸೆಕೆಂಡಿನ ಮೂರನೇ ಒಂದು ಭಾಗ, ಉತ್ತರ ತಪ್ಪಿದ್ದು 26 ಪಟ್ಟಿಗಿಂತ ಜಾಸ್ತಿ. ಸುತ್ತಿನ ಸಮಯ ದಶಮಾಂಶದಲ್ಲಿ ಬಂದರೆ ಅದನ್ನು 400/3 ಅಂತ ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳಬೇಕು.

ನಾನು ಸಮಯವನ್ನೇ ತೆಗೆಯುವುದಿಲ್ಲ. ವೇಗಗಳ ಅನುಪಾತ ನೋಡುತ್ತೇನೆ. 5:3. ಇದನ್ನು ಇನ್ನು ಸುಲಭ ಮಾಡಲು ಬರುವುದಿಲ್ಲ. ಅಂದರೆ ಒಬ್ಬ 5 ಪೂರ್ತಿ ಸುತ್ತು ಹಾಕಿದಾಗ ಇನ್ನೊಬ್ಬ 3 ಪೂರ್ತಿ ಸುತ್ತು ಹಾಕಿರುತ್ತಾನೆ. ಅದಕ್ಕಿಂತ ಮೊದಲು ಇಬ್ಬರದೂ ಒಟ್ಟಿಗೆ ಪೂರ್ತಿಯಾಗಲು ಸಾಧ್ಯವಿಲ್ಲ. 5 ಸುತ್ತು 2000 ಮೀಟರ್, ಸೆಕೆಂಡಿಗೆ 5 ಮೀಟರಿನಂತೆ 400 ಸೆಕೆಂಡು. ಮುಗಿಯಿತು. ವೇಗ 6 ಮತ್ತು 4 ಆಗಿದ್ದರೆ ಮೊದಲು 3:2 ಮಾಡಿಕೊಳ್ಳಬೇಕು, ಆಗ ಉತ್ತರ 200 ಸೆಕೆಂಡು. ಸುಲಭ ಮಾಡದೆ 6 ಸುತ್ತು ಅಂತ ಹಿಡಿದರೆ 400 ಬರುತ್ತದೆ. ಆಗಲೂ ಅವರು ಗೆರೆಯಲ್ಲೇ ಇರುತ್ತಾರೆ, ಆದರೆ ಅದು ಎರಡನೇ ಸಲ.

ಭಾನುವಾರ ಇಬ್ಬರೂ ಮೈದಾನಕ್ಕೆ ಹೋಗಿ ಓಡಿಯೇ ನೋಡಿದೆವು. ಅವನು ಸುತ್ತಿಗೆ 80 ಸೆಕೆಂಡಿನ ಲೆಕ್ಕದಲ್ಲಿ, ನಾನು ಸುಮಾರು 133ರ ಲೆಕ್ಕದಲ್ಲಿ. ಅಕ್ಕ ಗೆರೆಯ ಹತ್ತಿರ ಫೋನಿನ ಸ್ಟಾಪ್‌ವಾಚ್ ಹಿಡಿದು ನಿಂತಳು. ಮೂರು ನಿಮಿಷ ದಾಟಿದ ಮೇಲೆ, ಗೆರೆಗೆ ಸರಿಯಾಗಿ ಎದುರುಗಡೆ, ಅವನು ನನ್ನನ್ನು ದಾಟಿ ಹೋದ. "ಸೇರಿದ್ವಿ ಅಲ್ವಾ ಮಾಮಾ!" ಅಂತ ಕೂಗಿದ. ಸೇರಿದ್ದೇನೋ ನಿಜ, ಆದರೆ ಗೆರೆಯಲ್ಲಿ ಅಲ್ಲ. ಪ್ರತಿ ಸೆಕೆಂಡಿಗೆ ಅವನು ನನಗಿಂತ 2 ಮೀಟರ್ ಜಾಸ್ತಿ ಓಡುತ್ತಾನೆ. 400 ಮೀಟರ್ ಜಾಸ್ತಿಯಾಗಲು 200 ಸೆಕೆಂಡು. ಅಷ್ಟರಲ್ಲಿ ಅವನು ಎರಡೂವರೆ ಸುತ್ತು, ನಾನು ಒಂದೂವರೆ ಸುತ್ತು. ಪ್ರಶ್ನೆ "ಮೊದಲ ಸಲ ಯಾವಾಗ ಸೇರುತ್ತಾರೆ" ಅಂತ ಇದ್ದರೆ 200, "ಹೊರಟ ಜಾಗದಲ್ಲಿ" ಅಂತ ಇದ್ದರೆ 400. ಪರೀಕ್ಷೆಯಲ್ಲಿ ಮಕ್ಕಳು ಇವೆರಡನ್ನು ಕಲಸಿಬಿಡುತ್ತಾರೆ. ಎದುರು ಬದುರಾಗಿ ಓಡಿದರೂ ಗೆರೆಯ ಉತ್ತರ 400ರಲ್ಲೇ ನಿಲ್ಲುತ್ತದೆ, ಯಾಕೆಂದರೆ ಯಾರ ಸುತ್ತಿನ ಸಮಯವೂ ಬದಲಾಗುವುದಿಲ್ಲ. ಮಧ್ಯೆ ಸಿಗುವುದು ಮಾತ್ರ 50 ಸೆಕೆಂಡಿಗೊಮ್ಮೆ.

ಕೊನೆಗೆ ಅವನು ಗೆರೆ ಮುಟ್ಟಿದಾಗ ಸ್ಟಾಪ್‌ವಾಚ್ 6 ನಿಮಿಷ 46 ಸೆಕೆಂಡು ತೋರಿಸುತ್ತಿತ್ತು. ನಾನು ಸುಮಾರು ಇಪ್ಪತ್ತು ಮೀಟರ್ ಹಿಂದಿದ್ದೆ. ಲೆಕ್ಕದ ಪ್ರಕಾರ 6 ನಿಮಿಷ 40. ನಾಲ್ಕನೇ ಸುತ್ತಿನಲ್ಲಿ ಅವನ ವೇಗ ಇಳಿದಿತ್ತು, ನನ್ನದೂ ಕೊನೆಯ ಸುತ್ತಿನಲ್ಲಿ ಇಳಿಯಿತು. ಜೊತೆಗೆ ನಾನು ಎರಡನೇ ಲೇನಿನಲ್ಲಿ ಓಡಿದ್ದೆ. 400 ಮೀಟರ್ ಬರುವುದು ಒಳಗಿನ ಲೇನಿಗೆ ಮಾತ್ರ. ಎರಡನೆಯದರಲ್ಲಿ ಸುತ್ತಿಗೆ ಸುಮಾರು 7 ಮೀಟರ್ ಜಾಸ್ತಿ, ಮೂರು ಸುತ್ತಿಗೆ 21. ಮುಂದಿನ ವಾರ ಇಬ್ಬರೂ ಒಳಗಿನ ಲೇನಿನಲ್ಲೇ ಓಡಬೇಕು ಅಂತ ಅವನೇ ಹೇಳಿದ್ದಾನೆ.