ಚರ್ಚಾ ಭಾಷಣದಲ್ಲಿ ಯಾವ ಮಾತು ಮೊದಲು, ಯಾವುದು ಆಮೇಲೆ?

ಶಾಲಾ ಚರ್ಚಾ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕುಳಿತಾಗ ನಾನು ಪದೇ ಪದೇ ಕಂಡದ್ದೆಂದರೆ, ಹಿಂದೆ ಬೀಳುವ ಭಾಷಣಗಳಲ್ಲಿ ಸಾಮಗ್ರಿಗೆ ಕೊರತೆಯಿರುವುದಿಲ್ಲ. ಗಾದೆ, ಅಂಕಿ ಅಂಶ, ಎದುರಾಳಿಗೆ ಉತ್ತರ ಎಲ್ಲವೂ ಇರುತ್ತವೆ, ಯಾವುದು ಯಾವುದಕ್ಕೆ ಆಧಾರ ಎಂಬುದು ಮಾತ್ರ ಕೇಳುವವರಿಗೆ ತಿಳಿಯುವುದಿಲ್ಲ. ‘ಮತದಾನವನ್ನು ಕಡ್ಡಾಯಗೊಳಿಸಬೇಕು’ ಎಂಬ ವಿಷಯದ ಪರವಾಗಿ ನಾಲ್ಕು ನಿಮಿಷ ಮಾತನಾಡಬೇಕಾದ ವಿದ್ಯಾರ್ಥಿನಿಯೊಬ್ಬಳು ಭಾಷಣವನ್ನು ಹೇಗೆ ಜೋಡಿಸಿಕೊಳ್ಳಬಹುದು ಎಂಬುದನ್ನು ನೋಡೋಣ.

ಮೊದಲು ಭಾಷಣವನ್ನು ಬರೆಯಬಾರದು, ಚೀಟಿಗಳನ್ನು ಬರೆಯಬೇಕು. ಒಂದೊಂದು ಚೀಟಿಯಲ್ಲಿ ಒಂದೇ ವಾದವಿರಲಿ, ಅದೂ ಪೂರ್ಣ ವಾಕ್ಯದಲ್ಲಿ. ‘ಪ್ರಜಾಪ್ರಭುತ್ವದ ಮಹತ್ವ’ ಎಂಬುದು ಬರೀ ಶೀರ್ಷಿಕೆ. ‘ನಗರಗಳಲ್ಲಿ ಅರ್ಧದಷ್ಟು ಮತದಾರರು ಮತಗಟ್ಟೆಗೇ ಬರುತ್ತಿಲ್ಲ’ ಎಂಬುದು ವಾದ, ಏಕೆಂದರೆ ಅದನ್ನು ಯಾರಾದರೂ ‘ಇಲ್ಲ’ ಎನ್ನಬಹುದು. ನಾಲ್ಕು ನಿಮಿಷಕ್ಕೆ ಮೂರು ವಾದಗಳೇ ಹೆಚ್ಚು. ಉಳಿದ ಚೀಟಿಗಳು ಎಷ್ಟೇ ಚೆನ್ನಾಗಿದ್ದರೂ ಎತ್ತಿಡಬೇಕು, ಮಕ್ಕಳಿಗೆ ಅತ್ಯಂತ ಕಷ್ಟವಾಗುವುದೂ ಇದೇ.

ಈಗ ಪ್ರತಿ ವಾದದ ಕೆಳಗೆ ಅದರ ಆಧಾರವನ್ನು ಬರೆದು, ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸಬೇಕು. ನಮ್ಮ ವಿದ್ಯಾರ್ಥಿನಿಯ ಬಳಿ ಆಸ್ಟ್ರೇಲಿಯಾದ ಉದಾಹರಣೆಯಿದೆ: 1922ರ ಚುನಾವಣೆಯಲ್ಲಿ ಶೇ 60ಕ್ಕಿಂತ ಕಡಿಮೆಯಿದ್ದ ಮತದಾನ, 1924ರಲ್ಲಿ ಕಡ್ಡಾಯದ ಕಾನೂನು ಬಂದ ಮೇಲೆ 1925ರಲ್ಲಿ ಶೇ 91ನ್ನು ದಾಟಿತು. ಇದನ್ನು ಅವಳು ‘ಕಡ್ಡಾಯ ಮತದಾನದಿಂದ ಒಳ್ಳೆಯ ಸರ್ಕಾರ ಬರುತ್ತದೆ’ ಎಂಬ ವಾದದ ಕೆಳಗೆ ಬರೆದಿದ್ದಾಳೆ. ಆದರೆ ಈ ಅಂಕಿ ಜನರು ಮತಗಟ್ಟೆಗೆ ಬಂದರೆಂಬುದನ್ನು ತೋರಿಸುತ್ತದೆಯೇ ಹೊರತು, ಸರ್ಕಾರ ಒಳ್ಳೆಯದಾಯಿತೆಂಬುದನ್ನಲ್ಲ. ಜಾಣ ಎದುರಾಳಿ ಹಿಡಿಯುವುದು ಈ ಬಿರುಕನ್ನೇ. ಆದ್ದರಿಂದ ‘ಕಾನೂನು ಬಂದರೆ ಮತದಾನದ ಪ್ರಮಾಣ ಏರುತ್ತದೆ’ ಎಂದು ವಾದವನ್ನೇ ಆಧಾರದ ಅಳತೆಗೆ ಕಿರಿದುಗೊಳಿಸಬೇಕು.

ಮುಂದಿನದು ಕ್ರಮ. ಬಲವಾದದ್ದನ್ನು ಮೊದಲು ಹೇಳಬೇಕೋ ಕೊನೆಗೋ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು, ಯಾವ ವಾದವನ್ನು ಒಪ್ಪಿದ ಮೇಲೆ ಯಾವುದನ್ನು ಒಪ್ಪುವುದು ಸುಲಭ ಎಂಬುದು. ಸಮಸ್ಯೆ ಇದೆಯೆಂದು ಒಪ್ಪದವರಿಗೆ ಪರಿಹಾರ ಬೇಡ. ಹಾಗಾಗಿ ಮೊದಲ ವಾದ ಇಲ್ಲಿನದಾಗಿರಲಿ: 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ 70ನ್ನು ದಾಟಿದರೂ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳು ಶೇ 55ನ್ನೂ ಮುಟ್ಟಲಿಲ್ಲ. ಎರಡನೆಯದು ಆಸ್ಟ್ರೇಲಿಯಾ, ಅಂದರೆ ಪರಿಹಾರ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಎಲ್ಲರೂ ಮತ ಹಾಕುವಂತಾದರೆ ಅಭ್ಯರ್ಥಿಗಳು ಎಲ್ಲರ ಬಾಗಿಲಿಗೂ ಹೋಗಬೇಕಾಗುತ್ತದೆ ಎಂಬುದು ಮೂರನೆಯದು. ಇದಕ್ಕೆ ಅಂಕಿಗಿಂತ ತರ್ಕವೇ ಆಧಾರವಾದ್ದರಿಂದ, ಮೊದಲೆರಡು ನೆಲೆಯೂರಿದ ಮೇಲೆಯೇ ಇದು ನಿಲ್ಲುತ್ತದೆ.

ಹಾಗಾದರೆ ಖಂಡನೆ ಎಲ್ಲಿ? ಹೆಚ್ಚಿನವರು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆಗ ತೀರ್ಪುಗಾರರ ಕಿವಿಯಲ್ಲಿ ಉಳಿಯುವುದು ಎದುರಾಳಿಯ ಆಕ್ಷೇಪಣೆ. ಆರಂಭದಲ್ಲೇ ಇಟ್ಟರೆ, ಕೇಳುವವರಿಗೆ ನಿಮ್ಮ ವಾದ ಗೊತ್ತಾಗುವ ಮೊದಲೇ ಅದರ ದೋಷವನ್ನು ನೀವೇ ಹೇಳಿಕೊಟ್ಟಂತಾಗುತ್ತದೆ. ಆಕ್ಷೇಪಣೆ ಸಹಜವಾಗಿ ಹುಟ್ಟುವ ಜಾಗದಲ್ಲೇ ಉತ್ತರವೂ ಬರಬೇಕು. ಇಲ್ಲಿ ಅದು ಎರಡನೆಯ ವಾದದ ಬೆನ್ನಿಗೆ: ಆಸ್ಟ್ರೇಲಿಯಾದಲ್ಲಿ ಮತ ಹಾಕದವರಿಗೆ 20 ಡಾಲರ್ ದಂಡವಿದೆ ಎಂದೊಡನೆ ‘ಇದು ಬಲವಂತವಲ್ಲವೇ?’ ಎಂದು ಎಲ್ಲರಿಗೂ ಅನ್ನಿಸುತ್ತದೆ.

ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು ಮೊದಲು ಹೇಳಿ ಆಮೇಲೆ ಸಿದ್ಧಾಂತವನ್ನು ಸ್ಥಾಪಿಸುತ್ತಿದ್ದರು. ಇಲ್ಲಿಯೂ ಆಕ್ಷೇಪಣೆಯನ್ನು ಎದುರಾಳಿಯೇ ಒಪ್ಪುವಂತೆ ಒಂದೇ ವಾಕ್ಯದಲ್ಲಿ ಹೇಳಬೇಕು: ‘ಯಾರನ್ನೂ ಆರಿಸದಿರುವುದು ಕೂಡ ನಾಗರಿಕನ ಹಕ್ಕು ಎನ್ನುತ್ತಾರೆ ನನ್ನ ಎದುರಾಳಿಗಳು.’ ಬಳಿಕ ಉತ್ತರ: ‘ಆ ಹಕ್ಕಿಗಾಗಿಯೇ 2013ರಿಂದ ಮತಯಂತ್ರದಲ್ಲಿ ನೋಟಾ ಗುಂಡಿಯಿದೆ, ನಾವು ಕಡ್ಡಾಯಗೊಳಿಸಲು ಕೇಳುತ್ತಿರುವುದು ಮತಗಟ್ಟೆಗೆ ಬರುವುದನ್ನು, ಒಬ್ಬರನ್ನು ಆರಿಸುವುದನ್ನಲ್ಲ.’ ದೂರದ ಊರಿಗೆ ದುಡಿಯಲು ಹೋದ ಕಾರ್ಮಿಕನ ಪಾಡೇನು ಎಂಬ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ಅಲ್ಲಗಳೆಯಲು ಹೋಗದೆ, ಸಕಾರಣವಿದ್ದವರಿಗೆ ಆಸ್ಟ್ರೇಲಿಯಾದಲ್ಲೂ ದಂಡವಿಲ್ಲ, ನಮಗೂ ಅಂಥ ವಿನಾಯಿತಿ ಬೇಕು ಎಂದು ಒಪ್ಪಿಕೊಂಡೇ ಮುಂದೆ ಸಾಗುವುದು ಒಳ್ಳೆಯದು.

ಮೊದಲು ಮಾತನಾಡುವ ವಿದ್ಯಾರ್ಥಿಗೆ ಇಷ್ಟು ಸಾಕು. ವಿರೋಧದವರ ನಂತರ ವೇದಿಕೆಗೆ ಬರುವವರು ಈ ಜಾಗದಲ್ಲಿ ಸುಮಾರು 40 ಸೆಕೆಂಡುಗಳನ್ನು ಖಾಲಿ ಬಿಟ್ಟಿರಬೇಕು. ಇಡೀ ಭಾಷಣವನ್ನು ಬಾಯಿಪಾಠ ಮಾಡಿದವರು ಎದುರಾಳಿ ಹೇಳದೇ ಇದ್ದ ಮಾತನ್ನು ಖಂಡಿಸಿ ನಗೆಪಾಟಲಿಗೀಡಾದದ್ದನ್ನು ನಾನೇ ನೋಡಿದ್ದೇನೆ. ಬಾಯಿಪಾಠ ಮಾಡಬೇಕಾದದ್ದು ಮೂರು ವಾದಗಳ ವಾಕ್ಯಗಳನ್ನು ಮತ್ತು ಖಂಡನೆಯಿಂದ ಮೂರನೆಯ ವಾದಕ್ಕೆ ದಾಟಿಸುವ ಒಂದು ವಾಕ್ಯವನ್ನು ಮಾತ್ರ. ಎಚ್ಚರಿಕೆಯ ಗಂಟೆ ಬಾರಿಸಿದಾಗ ಇನ್ನೂ ಖಂಡನೆಯಲ್ಲೇ ಇದ್ದರೆ, ಮಾತನ್ನು ಅಲ್ಲಿಗೇ ತುಂಡರಿಸಿ, ಆ ವಾಕ್ಯವನ್ನು ಹಿಡಿದು ಮೂರನೆಯ ವಾದಕ್ಕೆ ಬರಬೇಕು.