ಕಡ್ಲೆಕಾಯಿ ಆಗದ ಗಿರಾಕಿ, ಕೆಂಪು ಮುಚ್ಚಳದ ಡಬ್ಬಿ

ಕಡ್ಲೆಕಾಯಿ ಅಲರ್ಜಿ ಇರುವ ಗಿರಾಕಿಗಳಿಗೆ ನಮ್ಮ ಹೋಟೆಲಿನಲ್ಲಿ ಚಟ್ನಿಗೆ ಬೇರೆ ಜಾರು, ಬೇರೆ ಡಬ್ಬಿ ಅಂದಾಗ ನಮ್ಮ ಭಟ್ಟರು ನಕ್ಕಿದ್ದರು. "ತುಮಕೂರಲ್ಲಿ ಕಡ್ಲೆಕಾಯಿ ತಿಂದು ಯಾರಿಗೆ ಏನಾಗಿದೆ ಸ್ವಾಮಿ?" ಪಾವಗಡ, ಶಿರಾ ಕಡೆಯ ಕಡ್ಲೆಕಾಯಿ ನಮ್ಮಲ್ಲಿ ಚಟ್ನಿಗೂ ಬೇಕು, ಚಿತ್ರಾನ್ನಕ್ಕೂ ಬೇಕು. ಪಕ್ಕದ ಹೋಟೆಲಿನವರೂ ದುಡ್ಡು ದಂಡ ಅಂದರು. ಈಗ ಅವರೇ ಬಂದು ಜಾರು ನೋಡಿಕೊಂಡು ಹೋಗುತ್ತಾರೆ!

ಮೊದಲು ಮಾಡಿದ್ದೆಲ್ಲ ಕೈಕೊಟ್ಟಿತು. ಚಟ್ನಿಯಲ್ಲಿ ಕಡ್ಲೆಕಾಯಿ ಇದೆ ಅಂತ ಗೋಡೆಗೆ ಬೋರ್ಡ್ ಹಾಕಿದೆವು, ಯಾರೂ ಓದಲಿಲ್ಲ. ಆಮೇಲೆ ಚಟ್ನಿಗೆ ಕಡ್ಲೆಕಾಯಿ ಹಾಕುವುದನ್ನೇ ಬಿಟ್ಟೆವು. ತೆಂಗಿನಕಾಯಿ ಕೆಜಿಗೆ 60 ರೂಪಾಯಿ ದಾಟಿದ್ದ ಕಾಲ ಅದು. ದಿನಕ್ಕೆ ಸುಮಾರು 700-800 ಜಾಸ್ತಿ ಹೋಯಿತು. ಮೇಲಿಂದ ದಿನಾ ಬರುವವರು "ಚಟ್ನಿ ಯಾಕೋ ಸಪ್ಪೆ" ಅನ್ನತೊಡಗಿದರು. ಮತ್ತೆ ಹಳೇ ದಾರಿಗೆ ಬಂದೆವು.

ಅದೇ ಜಾರನ್ನು ತೊಳೆದು ಬಳಸಿದರೆ ಸಾಕು ಅಂತ ಭಟ್ಟರ ವಾದ. ಜಾರಿನಲ್ಲಿ ಅರಿಶಿನದ ನೀರು ರುಬ್ಬಿಸಿ, ಹುಡುಗರು ದಿನಾ ತೊಳೆಯುವ ಹಾಗೇ ತೊಳೆಸಿದೆ. ಆಮೇಲೆ ಅದರಲ್ಲೇ ಬಿಳಿ ಕಾಯಿಚಟ್ನಿ ರುಬ್ಬಿಸಿದೆ. ಅಂಚಿನಲ್ಲಿ ಹಳದಿ ಗೆರೆ ಬಂತು. ಮುಚ್ಚಳದ ರಬ್ಬರ್ ಎಳೆದು ನೋಡಿದರೆ ಅಡಿಯಲ್ಲಿ ಪೂರ್ತಿ ಹಳದಿ, ಬ್ಲೇಡಿನ ಬುಡದಲ್ಲೂ ಅಷ್ಟೇ. ಅರಿಶಿನ ಕಣ್ಣಿಗೆ ಕಾಣುತ್ತದೆ, ಕಡ್ಲೆಕಾಯಿ ಕಾಣಲ್ಲ. ಭಟ್ಟರು ಅವತ್ತೇ ಸುಮ್ಮನಾದರು. ಟೇಬಲ್ ಒರೆಸುವ ಬಟ್ಟೆಯ ಮೇಲೂ ಇದೇ ಪರೀಕ್ಷೆ ಮಾಡಿದೆ. ಅದು ಒರೆಸಲಿಲ್ಲ, ಬರೀ ಹರಡಿತು.

ಈಗ ಬೆಳಗ್ಗೆ ಕಡ್ಲೆಕಾಯಿ ಡಬ್ಬ ತೆರೆಯುವ ಮೊದಲೇ ಬೇರೆ ಜಾರಿನಲ್ಲಿ ಒಂದು ಲೀಟರಿನಷ್ಟು ಕಾಯಿಚಟ್ನಿ ರುಬ್ಬುತ್ತೇವೆ. ಕೆಂಪು ಮುಚ್ಚಳದ ಸ್ಟೀಲ್ ಡಬ್ಬಿ, ಅದಕ್ಕೇ ಒಂದು ಸೌಟು. ಒಗ್ಗರಣೆ ಸೂರ್ಯಕಾಂತಿ ಎಣ್ಣೆಯಲ್ಲಿ. ಜಾರು, ಡಬ್ಬಿ ಸೇರಿ 2,000ದ ಒಳಗೆ ಮುಗಿಯಿತು. ಕಡ್ಲೆಕಾಯಿ ಇಲ್ಲದೆಯೂ ಚಟ್ನಿ ಗಟ್ಟಿ ನಿಲ್ಲುವ ಹಾಗೆ ಒಂದು ಸಾಮಾನು ಹಾಕುತ್ತೇನೆ. ಅದೇನು ಅಂತ ಕೇಳಬೇಡಿ. ಗಿರಾಕಿ ಕೇಳಿದರೆ ಮಾತ್ರ ಹೇಳುತ್ತೇನೆ.

ಇದರ ಬೆಲೆ ಗೊತ್ತಾಗಿದ್ದು ಒಂದು ಭಾನುವಾರ. ಹತ್ತು ವರ್ಷದ ಆಸುಪಾಸಿನ ಹುಡುಗಿ. ತಾಯಿ ಮೊದಲೇ ಹೇಳಿದ್ದರಿಂದ ತಟ್ಟೆ ಇಡ್ಲಿಗೆ ಕೆಂಪು ಡಬ್ಬಿಯ ಚಟ್ನಿ ಹೋಗಿತ್ತು. ಸ್ವಲ್ಪ ಹೊತ್ತಿಗೆ ತುಟಿ ತುರಿಕೆ, ಕತ್ತಿನಲ್ಲಿ ದದ್ದು. "ಅಣ್ಣಾ, ಕಡ್ಲೆಕಾಯಿ ಹಾಕಿಬಿಟ್ಟಿದ್ದೀರಾ?" ಅಂತ ತಾಯಿ ಕೂಗಿದರು.

ಇಂಥ ಹೊತ್ತಲ್ಲಿ ಸಪ್ಲೈಯರ್ ಬಾಯಿಗೆ ಮೊದಲು ಬರುವುದು "ಇಲ್ಲ ಅಕ್ಕ". ನಮ್ಮಲ್ಲಿ ಆ ಉತ್ತರ ಕೊಡುವ ಹಾಗಿಲ್ಲ. ತಿನ್ನುವುದನ್ನು ನಿಲ್ಲಿಸಿ ಅಂತ ಹೇಳಿ ನನ್ನನ್ನು ಕರೆಯಬೇಕು, ತಟ್ಟೆ ಎತ್ತಬಾರದು. ನಾನು ಕೇಳಿದ್ದು ಇಷ್ಟೇ: ಏನೇನು ತಿಂದಳು, ಎಷ್ಟು ಹೊತ್ತಾಯಿತು, ಉಸಿರು ಸರಿ ಇದೆಯಾ? ಕೇಳುತ್ತಿದ್ದ ಹಾಗೇ ಕೆಮ್ಮು ಶುರುವಾಯಿತು, ದನಿ ಗೊಗ್ಗರಾಯಿತು. ಉಸಿರಿನ ಕಷ್ಟ, ದನಿ ಕಟ್ಟುವುದು, ತಲೆಸುತ್ತು, ಮೇಲಿಂದ ಮೇಲೆ ವಾಂತಿ, ಇದರಲ್ಲಿ ಒಂದು ಕಂಡರೂ ಕಾಯುವ ಹಾಗಿಲ್ಲ. 108ಕ್ಕೆ ಫೋನ್ ಮಾಡಿದೆ. ಯಾರೋ ಮಜ್ಜಿಗೆ ಕುಡಿಸಿ ಅಂದರು. ತಾಯಿ ಕೈಯಲ್ಲಿ ಸೆಟಿರಿಜಿನ್ ಸಿರಪ್ ಇತ್ತು. ಅದು ತುರಿಕೆಗೆ, ಕಟ್ಟಿದ ಉಸಿರಿಗಲ್ಲ. ಬೇಕಾಗಿದ್ದು ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್. ಅಪ್ಪ ಕಾರಿನ ತನಕ ನಡೆಸಿಕೊಂಡು ಹೊರಟರು, ನಾನು ಬಿಡಲಿಲ್ಲ. ಉಸಿರು ಕಷ್ಟವಾದರೆ ಕೂರಿಸಬೇಕು, ತಲೆ ಸುತ್ತಿದರೆ ಮಲಗಿಸಿ ಕಾಲು ಎತ್ತರಕ್ಕಿಡಬೇಕು. ನಡೆಸಲೇಬಾರದು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಭಟ್ಟರು ಕೆಂಪು ಡಬ್ಬಿ ಪಕ್ಕಕ್ಕಿಟ್ಟು, ಅದರಿಂದ ಮುಂದೆ ಯಾರಿಗೂ ಬಡಿಸದಂತೆ ನಿಲ್ಲಿಸಿದ್ದರು. ಆಮೇಲೆ ಆ ಟೇಬಲ್ಲಿನ ಪೂರ್ತಿ ಆರ್ಡರ್ ನೋಡಿದೆವು. ಅಪ್ಪ ವಡೆ ತರಿಸಿದ್ದರು, ಹುಡುಗಿ ಅದರಲ್ಲಿ ಒಂದು ತುಂಡು ಮುರಿದು ತಿಂದಿದ್ದಳು. ವಡೆ ಕರಿಯುವುದು ಗಾಣದ ಕಡ್ಲೆಕಾಯಿ ಎಣ್ಣೆಯಲ್ಲಿ. ರಿಫೈನ್ಡ್ ಎಣ್ಣೆಯಲ್ಲಿ ಕಡ್ಲೆಕಾಯಿಯ ಪ್ರೋಟೀನ್ ಬಹುಪಾಲು ಹೋಗಿರುತ್ತದೆ. ಗಾಣದ್ದರಲ್ಲಿ ಉಳಿದಿರುತ್ತದೆ, ಎಷ್ಟು ಕಾಯಿಸಿದರೂ ಅದು ಸಾಯಲ್ಲ. ತಿಂದದ್ದು, ಹೊತ್ತು, ಎಣ್ಣೆಯ ಹೆಸರು ಚೀಟಿಯಲ್ಲಿ ಬರೆದು ಅಂಬುಲೆನ್ಸ್‌ನವರ ಕೈಗೆ ಕೊಟ್ಟೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಗಂಟೆಗಟ್ಟಲೆ ಇರಿಸಿಕೊಂಡಿದ್ದರಂತೆ. ಒಮ್ಮೆ ಇಳಿದದ್ದು ಮತ್ತೆ ಏರಬಹುದು, ಅದಕ್ಕೆ. ಸಂಜೆ ಅಪ್ಪನೇ ಫೋನ್ ಮಾಡಿದರು, ಮಗು ಆರಾಮ ಅಂತ.

ಅಂಥ ಟೇಬಲ್ಲಿಗೆ ಈಗ ಬಿಲ್ ಆಗುವ ತನಕ ಕೆಂಪು ಬಟ್ಟಲು ಇಟ್ಟಿರುತ್ತೇವೆ. ಒಬ್ಬನೇ ಸಪ್ಲೈಯರ್, ಸೋಪು ಹಾಕಿ ಕೈ ತೊಳೆದು ಬಡಿಸಬೇಕು. ಸ್ಯಾನಿಟೈಸರ್ ಹಚ್ಚಿದರೆ ಕಡ್ಲೆಕಾಯಿಯ ಅಂಶ ಹೋಗಲ್ಲ. ದೂರು ಬಂದ ತಟ್ಟೆಯಿಂದ ಕಡ್ಲೆಕಾಯಿ ಹೆಕ್ಕಿ ಮತ್ತೆ ಕಳಿಸುವುದಂತೂ ಇಲ್ಲವೇ ಇಲ್ಲ. ಹೊಸ ತಟ್ಟೆ, ಮೊದಲಿನಿಂದ ಮಾಡಿದ್ದು.

ಕರಿದದ್ದಕ್ಕೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಎರಡನೇ ಬಾಣಲೆಗೆ ಒಲೆ ಮೇಲೆ ಜಾಗ ಇಲ್ಲ. ಗಾಣದ ಎಣ್ಣೆ ಬಿಟ್ಟರೆ ಬರುವ ಗಿರಾಕಿಯೂ ಬರಲ್ಲ. ಹಾಗಾಗಿ ವಡೆ, ಬೋಂಡ, ಪೂರಿ ಆ ಟೇಬಲ್ಲಿಗೆ ಕೊಡಲ್ಲ ಅಂತ ನೇರವಾಗಿ ಹೇಳುತ್ತೇವೆ, ಅಪ್ಪ ಕೇಳಿದರೂ.